ಗಾಂಧಾರ ಸರಿ ಮಾಡಿಕೊಳ್ಳುತ್ತೇನೆ, ಗುರುಗಳೇ

ಗುರುಪೂರ್ಣಿಮೆಯ ದಿನ ಸಂಗೀತ ಕಲಿಸಿದವರಿಗೆ ಏನು ಬರೆಯಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಆ ಮನುಷ್ಯ ನಾವು ಬರೆದದ್ದನ್ನೂ ಕಿವಿಯಿಂದಲೇ ಓದುತ್ತಾನೆ. ಆಷಾಢ ಹುಣ್ಣಿಮೆಯ ಬೆಳಿಗ್ಗೆ ಅವರ ಫೋನಿಗೆ ವ್ಯಾಸರ ಚಿತ್ರ, ಉರಿಯುವ ದೀಪ, ಎಲ್ಲರಿಗೂ ಬಾಯಿಪಾಠವಾಗಿರುವ ಆ ಗುರುಶ್ಲೋಕ ಎಲ್ಲವೂ ಬರುತ್ತವೆ. ಒಂದೇ ಚಿತ್ರ ಏಳೆಂಟು ಶಿಷ್ಯರಿಂದ ಬಂದಿರುತ್ತದೆ. ಯಾರೂ ಬೇಸರಪಡುವುದಿಲ್ಲ, ಕೈಮುಗಿದ ಎರಡು ಹಸ್ತಗಳ ಗುರುತನ್ನು ಎಲ್ಲರಿಗೂ ತಿರುಗಿ ಕಳಿಸುತ್ತಾರೆ. ಆದರೆ ಅವರಿಗೆ ನಿಜವಾಗಿ ಗೊತ್ತಾಗಬೇಕಾದದ್ದು ಬೇರೆ. ಈ ಹುಡುಗಿ ಈಗ ಏನು ಹಾಡುತ್ತಿದ್ದಾಳೆ? ತಂಬೂರಿ ಮೀಟುತ್ತಾಳೋ, ಅದರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಾಳೋ? ಹೇಳಿಕೊಟ್ಟದ್ದರಲ್ಲಿ ಎಷ್ಟು ಉಳಿದಿದೆ?

ಹಿಂದೂಸ್ತಾನಿ ಸಂಗೀತದ ಮನೆಗಳಲ್ಲಿ ಈ ಹುಣ್ಣಿಮೆಗೆ ಮೊದಲಿನಿಂದಲೂ ತೂಕ ಹೆಚ್ಚು. ಧಾರವಾಡ, ಹುಬ್ಬಳ್ಳಿ, ಗದಗ, ಬೆಳಗಾವಿಯ ಕಡೆ ಅಂದು ಶಿಷ್ಯರೆಲ್ಲ ಗುರುಗಳ ಮನೆಯಲ್ಲಿ ಸೇರುತ್ತಾರೆ. ತಂಬೂರಿ, ತಬಲಾಗಳಿಗೆ ಪೂಜೆಯಾಗುತ್ತದೆ. ಕಿರಿಯರಿಂದ ಹಿಡಿದು ಹಿರಿಯರವರೆಗೆ ಒಬ್ಬೊಬ್ಬರಾಗಿ ಕೂತು ಹಾಡುತ್ತಾರೆ. ಹಳೇ ಮೈಸೂರಿನ ಕರ್ನಾಟಕ ಸಂಗೀತದ ಮನೆಗಳಲ್ಲಿ ಇಂಥದೇ ಗೌರವ ಹೆಚ್ಚಾಗಿ ವಿಜಯದಶಮಿಗೆ ಸಲ್ಲುತ್ತಿತ್ತು. ಹೊಸ ಪಾಠ ಶುರುಮಾಡುವುದೂ ಗುರುವಿಗೆ ತಟ್ಟೆ ಹಿಡಿಯುವುದೂ ಅಂದೇ. ಈಗ ಅಲ್ಲಿಯೂ ಗುರುಪೂರ್ಣಿಮೆ ಸೇರಿಕೊಂಡಿದೆ, ಬೆಂಗಳೂರಿನ ಭರತನಾಟ್ಯ ಶಾಲೆಗಳಲ್ಲಿ ಜೋರಾಗಿಯೇ ಸೇರಿಕೊಂಡಿದೆ.

ಮಠಗಳಲ್ಲಿ ಇದು ವ್ಯಾಸಪೂಜೆಯ ದಿನ. ಸಂನ್ಯಾಸಿಗಳ ಚಾತುರ್ಮಾಸ್ಯ ಇಲ್ಲಿಂದ ಶುರು. ಮಳೆಗಾಲದಲ್ಲಿ ಊರೂರು ತಿರುಗದೆ ಒಂದೇ ಕಡೆ ನಿಂತು ಓದು, ಪಾಠ ನಡೆಸುವ ವ್ರತ ಅದು. ಸಂಗೀತ ಕಲಿಯುವವರಿಗೆ ಈ ಸಂಗತಿ ತುಂಬ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಿಂದಿನ ಕಾಲದಲ್ಲಿ ಶಿಷ್ಯ ಬಾಯಿಮಾತಿನಲ್ಲಿ ನಿಷ್ಠೆ ಹೇಳಿಕೊಳ್ಳುತ್ತಿರಲಿಲ್ಲ. ಅದಕ್ಕೆ ಗಂಡಾಬಂಧನ ಎಂಬ ಶಾಸ್ತ್ರವಿತ್ತು, ಕೆಲವು ಘರಾಣೆಗಳಲ್ಲಿ ಇಂದಿಗೂ ಇದೆ. ಹಿರಿಯ ಕಲಾವಿದರ ಎದುರಿಗೆ ಗುರು ಶಿಷ್ಯನ ಮಣಿಕಟ್ಟಿಗೆ ದಾರ ಕಟ್ಟಿ, ಬಾಯಿಗೆ ಕಡಲೆ-ಬೆಲ್ಲ ಹಾಕುತ್ತಾರೆ. ಶಿಷ್ಯ ಕಾಣಿಕೆ ಕೊಟ್ಟು ಕಾಲಿಗೆರಗುತ್ತಾನೆ. ಅಲ್ಲಿಂದ ಮುಂದೆ ಮನೆಯ ಚೀಜುಗಳನ್ನು ಅವನಿಂದ ಮುಚ್ಚಿಡುವುದಿಲ್ಲ ಎಂದು ಗುರು, ಹೇಳಿದಷ್ಟು ತಾಲೀಮು ಮಾಡುತ್ತೇನೆ ಎಂದು ಶಿಷ್ಯ, ಇಬ್ಬರೂ ಸಾಕ್ಷಿಗಳ ಮುಂದೆ ಒಪ್ಪಿದಂತೆ. ಮಾತು ಎರಡೂ ಕಡೆಯದು ಎಂಬುದನ್ನು ಗಮನಿಸಬೇಕು. ಈಗಿನ ಶುಭಾಶಯಗಳಲ್ಲಿ ಶಿಷ್ಯನ ಕಡೆಯ ಭಕ್ತಿಯಷ್ಟೇ ಉಳಿದು, ಏನು ಮಾಡುತ್ತೇನೆ ಎಂಬ ಭಾಗ ಬಿಟ್ಟುಹೋಗಿದೆ.

ನಮ್ಮದೇ ನೆಲದ ಉದಾಹರಣೆ ಬೇಕಿದ್ದರೆ ಕುಂದಗೋಳಕ್ಕೆ ಹೋಗಬೇಕು. ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವೂ ಕುಂದಗೋಳಕರ (1886–1952) ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಊರಿಗೆ ಬಂದು ನೆಲೆಸಿದ ಮೇಲೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗಿ ಕಲಿತರು. ಅದೇ ಮನೆಯಲ್ಲಿ ಹುಡುಗನಾಗಿದ್ದ ಭೀಮಸೇನ ಜೋಶಿ ನೀರು ಹೊತ್ತು, ಮನೆಗೆಲಸ ಮಾಡಿಕೊಂಡು ಕಲಿಯುತ್ತಿದ್ದರು. ಗುರು ರಾಗಗಳ ರಾಶಿ ಹೇರಲಿಲ್ಲ. ಕೊಟ್ಟ ಕೆಲವೇ ರಾಗಗಳನ್ನು, ಕೊಟ್ಟ ಕೆಲವೇ ಸ್ವರವಾಕ್ಯಗಳನ್ನು ಗಂಟಲಲ್ಲಿ ನಿಲ್ಲುವ ತನಕ ಉಜ್ಜಿಸಿದರು. ಇವತ್ತು ಹೇಳಿಕೊಟ್ಟ ತುಣುಕು ನಾಳೆ ಹೇಗೆ ಬರುತ್ತದೆ ಎಂಬುದೇ ಶಿಷ್ಯ ಕೊಡಬಹುದಾದ ಸಂದೇಶ. ರೈಲು ಹತ್ತಿ ಬರುವ ಶಿಷ್ಯೆಯ ಶ್ರದ್ಧೆಯನ್ನು ಅಳೆಯಲು ಆ ಗುರುವಿಗೆ ಅದಕ್ಕಿಂತ ಬೇರೆ ಕಾಗದ ಬೇಕಿರಲಿಲ್ಲ.

ಈಗ ಗುರು ಧಾರವಾಡದಲ್ಲಿ, ಶಿಷ್ಯೆ ಬೆಂಗಳೂರಿನಲ್ಲಿ. ಹಾಗಾಗಿ ಕಾಗದ ಬೇಕು. ಅದನ್ನು ಬರೆಯುವ ಬಗೆ ನೋಡೋಣ.

ಧಾರವಾಡದಲ್ಲಿ ಕೆಲವು ವರ್ಷ ಖಯಾಲ್ ಕಲಿತು, ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಶಿಷ್ಯೆಯೊಬ್ಬಳು ಎಂದಿಟ್ಟುಕೊಳ್ಳಿ. ಯಮನ್ ರಾಗದ ಬಡಾ ಖಯಾಲು, ಛೋಟಾ ಖಯಾಲು ಎರಡೂ ಆಗಿವೆ. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಪಾಠ, ಅದೂ ತಪ್ಪುತ್ತದೆ. ಹುಣ್ಣಿಮೆಯ ದಿನ ಅವಳು ಮೊದಲು ಬರೆಯುವುದು ಹೀಗಿರುತ್ತದೆ: ನೀವೇ ನನ್ನ ದೇವರು, ನನ್ನ ಬಾಳಿನ ಬೆಳಕು, ನಿಮ್ಮ ಋಣ ತೀರಿಸಲಾರೆ, ಇನ್ನು ಮುಂದೆ ನನ್ನ ಜೀವನವನ್ನೇ ಸಂಗೀತಕ್ಕೆ ಅರ್ಪಿಸುತ್ತೇನೆ. ಒಂದೂ ಸುಳ್ಳಲ್ಲ, ಬರೆಯುವಾಗ ಅವಳ ಕಣ್ಣು ತುಂಬಿದ್ದೂ ಇರಬಹುದು. ಆದರೆ ಈ ಕಾಗದವನ್ನು ಗಣಿತದ ಮೇಷ್ಟ್ರಿಗೂ ಕಳಿಸಬಹುದು, ಯೋಗದ ಮೇಷ್ಟ್ರಿಗೂ ಕಳಿಸಬಹುದು. ಅದರಲ್ಲಿ ಒಂದು ಸ್ವರವೂ ಇಲ್ಲ. ಕೊನೆಯ ವಾಕ್ಯವಂತೂ ಗುರುಗಳ ಲೆಕ್ಕದಲ್ಲಿ ಅಪಾಯದ್ದು. ಜೀವನವನ್ನೇ ಕೊಡುತ್ತೇನೆ ಎಂದವರು ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ ಎಂದು ಹೇಳಿರುವುದಿಲ್ಲ.

ಹಾಗಾದರೆ ಏನು ಹೇಳಬೇಕು? ಗುರು ಕೇಳಿದ ಕೂಡಲೇ ಪತ್ತೆಹಚ್ಚುವ ಒಂದು ವಿಷಯವನ್ನು ಹೇಳಬೇಕು. ಈ ಶಿಷ್ಯೆಯ ವಿಷಯದಲ್ಲಿ ಅದು ಗಾಂಧಾರ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಸಂಗೀತ ಕಲಿಯದವರಿಗೂ ಇದು ತಿಳಿಯುವಂಥದು.

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಜೋಡಿ ಎರಡೂ ಷಡ್ಜ, ಕೊನೆಯದು ಒಂದು ಸಪ್ತಕ ಕೆಳಗಿನ ಷಡ್ಜ, ಅದೇ ಖರ್ಜ. ಯಾರೂ ಗಾಂಧಾರದ ತಂತಿ ಕಟ್ಟುವುದಿಲ್ಲ. ಆದರೂ ತಂಬೂರಿ ಚೆನ್ನಾಗಿ ಕೂಡಿ, ಘೋಡಿಯ ಮೇಲೆ ತಂತಿಯಡಿಯ ಜವಾರಿ ದಾರ ಸರಿಯಾದ ಜಾಗದಲ್ಲಿ ಕೂತಿದ್ದರೆ, ಖರ್ಜದ ನಾದದೊಳಗಿಂದ ಒಂದು ಗಾಂಧಾರ ತಾನಾಗಿ ಕೇಳಿಸುತ್ತದೆ. ಯಾವ ತಂತಿಯಾದರೂ ಒಂದೇ ಸ್ವರ ನುಡಿಯುವುದಿಲ್ಲ, ತನ್ನ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದ ಕಂಪನಗಳನ್ನೂ ಜೊತೆಗೆ ನುಡಿಯುತ್ತದೆ. ಆ ಐದರಷ್ಟಿನದೇ ಗಾಂಧಾರ. ಹಳಬರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ.

ಹಾರ್ಮೋನಿಯಂನ ಗಾಂಧಾರ ಇದಲ್ಲ. ಯಾವ ಕೀಲಿಯಿಂದ ಷಡ್ಜ ಹಿಡಿದರೂ ನುಡಿಸಲು ಬರಲಿ ಎಂದು ಆ ವಾದ್ಯದಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಪಂಚಮಕ್ಕೆ ಇದರಿಂದ ಆಗುವ ವ್ಯತ್ಯಾಸ ತೀರ ಸಣ್ಣದು. ಗಾಂಧಾರ ಮಾತ್ರ ಎದ್ದು ಕಾಣುವಷ್ಟು ಮೇಲೆ ಹೋಗುತ್ತದೆ. ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರವನ್ನು 100 ಪಾಲು ಮಾಡಿದರೆ, ಹಾರ್ಮೋನಿಯಂನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಪಾಲು ಎತ್ತರದಲ್ಲಿರುತ್ತದೆ. ನಿಷಾದದ ಕಥೆಯೂ ಹೆಚ್ಚುಕಡಿಮೆ ಇದೇ. ಯಮನ್ ರಾಗ ನಿಂತಿರುವುದೇ ಈ ಎರಡು ಸ್ವರಗಳ ಮೇಲೆ, ಗಾಂಧಾರ ವಾದಿ, ನಿಷಾದ ಸಂವಾದಿ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ ಮೂರು ದಶಕ ಹೊರಗಿಟ್ಟದ್ದಕ್ಕೆ ಕಾರಣ ಹಲವು, ಅದರಲ್ಲಿ ಈ ತಕರಾರೂ ಒಂದು. ಹೊರಗಿಟ್ಟದ್ದು ನನಗೆ ಅತಿಯೆನಿಸುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ಸ್ವರದ ಜಾಗ ತೋರಿಸಲು ಅದರಷ್ಟು ಸುಲಭದ ವಾದ್ಯ ಇಲ್ಲ, ಒಳ್ಳೆಯ ಗುರುಗಳೇ ಅದನ್ನು ಬಳಸುತ್ತಾರೆ. ತೊಂದರೆ ಬರುವುದು ಶಿಷ್ಯೆ ಒಬ್ಬಳೇ ಮನೆಯಲ್ಲಿ ಕೂತು, ತಂಬೂರಿ ಬಿಟ್ಟು, ಕೀಲಿ ಒತ್ತಿಕೊಂಡೇ ವರ್ಷಗಟ್ಟಲೆ ಹಾಡಿದಾಗ. ಗಂಟಲು ಆ ಎತ್ತರದ ಗಾಂಧಾರಕ್ಕೆ ಒಗ್ಗಿಬಿಡುತ್ತದೆ. ಆಮೇಲೆ ಗುರುಗಳ ಮುಂದೆ ತಂಬೂರಿಯ ಜೊತೆ ಕೂತು ನಿ-ರಿ-ಗ ಎಂದು ಗಾಂಧಾರದ ಮೇಲೆ ನಿಂತರೆ, ದನಿಯೂ ತಂಬೂರಿಯೂ ಒಂದಾಗದೆ ನಡುವೆ ಒಂದು ಸಣ್ಣ ನಡುಕ ಏಳುತ್ತದೆ. ಗಾಂಧಾರ ಸರಿಯಿದ್ದರೆ ಆ ನಡುಕ ಅಡಗಿ, ತಂಬೂರಿಯೇ ದೊಡ್ಡದಾದಂತೆ ಕೇಳಿಸುತ್ತದೆ. ಗುರುಗಳು ಒಂದು ಉಸಿರಿನಷ್ಟು ಕೇಳಿದರೆ ಸಾಕು, ಇವಳು ಕಳೆದ ತಿಂಗಳೆಲ್ಲ ಯಾವುದರ ಜೊತೆ ಹಾಡಿದ್ದಾಳೆಂದು ತಿಳಿಯುತ್ತದೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ತಂಬೂರಿಯ ಬದಲು ಫೋನಿನ ತಂಬೂರಿ ಆ್ಯಪ್ ಇರುವುದೇ ಹೆಚ್ಚು. ಅದರಿಂದಲೂ ಕೆಲಸವಾಗುತ್ತದೆ, ಆದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಖರ್ಜದ ತಳ ಸೊರಗಿರುತ್ತದೆ. ಅದನ್ನು ಒಂದು ದೊಡ್ಡ ಸ್ಪೀಕರಿಗೆ ಜೋಡಿಸಿಕೊಂಡರೆ ನಾದ ತುಂಬಿ ಬಂದು ಗಾಂಧಾರ ಹುಡುಕುವುದು ಸುಲಭವಾಗುತ್ತದೆ.

ಇಷ್ಟು ತಿಳಿದ ಮೇಲೆ ಕಾಗದಕ್ಕೆ ವಿಷಯ ಸಿಕ್ಕಿತು. ಇನ್ನು ಅವಧಿ. ಜೀವನಪೂರ್ತಿ ಎನ್ನುವುದಕ್ಕಿಂತ ಚಾತುರ್ಮಾಸ್ಯ ಎನ್ನುವುದು ಲೇಸು. ಆಷಾಢದಿಂದ ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ, ಎಂದರೆ ತುಳಸಿ ಲಗ್ನದವರೆಗೆ ಸುಮಾರು ನಾಲ್ಕು ತಿಂಗಳು. ಎಷ್ಟೋ ಮಠಗಳಲ್ಲಿ ಯತಿಗಳು ಪಕ್ಷವೊಂದನ್ನು ತಿಂಗಳೆಂದು ಲೆಕ್ಕಹಿಡಿದು ಎರಡು ತಿಂಗಳಿಗೇ ವ್ರತ ಮುಗಿಸುತ್ತಾರೆ, ಹಾಗಾಗಿ ನಡುವೆ ಎಡವಿದ ಶಿಷ್ಯೆ ತೀರ ನೊಂದುಕೊಳ್ಳಬೇಕಾಗಿಲ್ಲ. ಮನೆಯವರಿಗೂ ನೆನಪಿರುವ, ಶುರುವೂ ಕೊನೆಯೂ ಇರುವ ಗಡುವು ಇದು. ಒಂದು ಸ್ವರ ಸರಿಯಾಗಲು ಇಷ್ಟು ಕಾಲ ಸಾಕು, ಒಂದು ಹೊಸ ರಾಗ ಪಕ್ವವಾಗಲು ಸಾಲದು. ಹಾಗಾಗಿ ಹೊಸ ರಾಗದ ಮಾತನ್ನು ಈ ಕಾಗದದಲ್ಲಿ ಎತ್ತದಿರುವುದೇ ವಾಸಿ.

ಅವಳು ಹೀಗೆ ಬರೆಯಬಹುದು:

“ಪೂಜ್ಯ ಗುರುಗಳ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ಈ ಸಲ ಹುಣ್ಣಿಮೆಗೆ ರಜೆ ಸಿಗಲಿಲ್ಲ. ಮನೆಗೆ ಬಂದು ಎಲ್ಲರ ಜೊತೆ ಕೂತು ಹಾಡಲು ಆಗುತ್ತಿಲ್ಲ. ಇಲ್ಲೇ ತಂಬೂರಿಗೆ ಹೂವೇರಿಸಿ, ಧಾರವಾಡದ ಕಡೆ ಮುಖ ಮಾಡಿ ನಮಸ್ಕಾರ ಮಾಡಿದ್ದೇನೆ.

ಮೊದಲ ವರ್ಷ ಯಮನ್‌ದಲ್ಲಿ ನಿ-ರಿ-ಗ ದಾಟಿ ಮುಂದೆ ಹೋಗಲು ನೀವು ಬಿಡಲಿಲ್ಲ. ಜೊತೆಯವರೆಲ್ಲ ಬಂದಿಶಿಗೆ ಹೋದರು, ನಾನು ಅಲ್ಲೇ ಇದ್ದೆ. ಆಗ ಸಿಟ್ಟು ಬಂದಿತ್ತು, ಇವತ್ತು ಹೇಳಿಕೊಳ್ಳುತ್ತೇನೆ. ಕಳೆದ ತಿಂಗಳು ಒಂದು ಸಂಜೆ ಹಾರ್ಮೋನಿಯಂ ಮುಚ್ಚಿಟ್ಟು ಬರೀ ತಂಬೂರಿಯ ಮೇಲೆ ಹಾಡಿ ನೋಡಿದೆ. ನನ್ನ ಗಾಂಧಾರ ಏರಿ ನಿಂತಿದೆ ಎಂದು ಮೊದಲ ಸಲ ನನಗೇ ಕೇಳಿಸಿತು. ಅದನ್ನು ನೀವು ಎಷ್ಟು ದಿನ ಸಹಿಸಿಕೊಂಡು ಕೂತಿದ್ದಿರಿ ಎಂದು ಆಗ ಗೊತ್ತಾಯಿತು.

ಇವತ್ತಿನಿಂದ ತುಳಸಿ ಲಗ್ನದವರೆಗೆ ಹಾರ್ಮೋನಿಯಂ ಮುಟ್ಟುವುದಿಲ್ಲ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಆರರಿಂದ ಆರೂ ಮುಕ್ಕಾಲರವರೆಗೆ ಕೂಡುತ್ತೇನೆ. ಮೊದಲು ಹತ್ತು ನಿಮಿಷ ಖರ್ಜ, ಆಮೇಲೆ ಬಿಲಾವಲದ ಪಲಟಾ, ಪ್ರತಿ ಗಾಂಧಾರದ ಮೇಲೂ ನಿಂತು. ಬೆಳಿಗ್ಗೆ ಯಮನ್ ಬೇಡ ಎಂದು ನೀವು ಹೇಳಿದ್ದು ನೆನಪಿದೆ. ಅದನ್ನು ವಾರಕ್ಕೆ ಮೂರು ರಾತ್ರಿ, ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಆಲಾಪ ಮಾತ್ರ. ತಾನ್ ಹಾಡುವುದಿಲ್ಲ. ಶನಿವಾರ, ಭಾನುವಾರದ ಮಾತು ಕೊಡಲಾರೆ, ಮನೆಯಲ್ಲಿ ಕೆಲಸವಿರುತ್ತದೆ.

ಪ್ರತಿ ಹುಣ್ಣಿಮೆಗೆ ಐದು ನಿಮಿಷದ ಆಲಾಪ ರೆಕಾರ್ಡ್ ಮಾಡಿ ಕಳಿಸಲೇ? ನಿಮಗೆ ತ್ರಾಸ ಆಗುವುದಿದ್ದರೆ ಬೇಡ, ಊರಿಗೆ ಬಂದಾಗಲೇ ಹಾಡಿ ತೋರಿಸುತ್ತೇನೆ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಶಿಷ್ಯೆ”

ಇದರಲ್ಲಿ ದೇವರು, ಬೆಳಕು, ಋಣ ಯಾವ ಮಾತೂ ಇಲ್ಲ. ಆದರೆ ಮೊದಲಿನ ಕಾಗದಕ್ಕಿಂತ ಭಕ್ತಿ ಇದರಲ್ಲೇ ಹೆಚ್ಚು ಎಂದು ನನ್ನ ಅಭಿಪ್ರಾಯ. ‘ಸಹಿಸಿಕೊಂಡು ಕೂತಿದ್ದಿರಿ’ ಎಂಬ ಒಂದು ಮಾತಿನಲ್ಲಿ ಗುರು ಮಾಡಿದ ಕೆಲಸ ಏನೆಂದು ಶಿಷ್ಯೆಗೆ ತಿಳಿದಿದೆ ಎಂಬುದು ಬಂದುಬಿಟ್ಟಿದೆ. ಶನಿವಾರ, ಭಾನುವಾರ ಬಿಟ್ಟದ್ದನ್ನು ಕಂಡು ಗುರುಗಳು ಹುಬ್ಬುಗಂಟಿಕ್ಕಲಾರರು. ಉಳಿದ ಐದು ದಿನದ ಮಾತು ಯೋಚಿಸಿ ಕೊಟ್ಟದ್ದು ಎಂದು ಅದರಿಂದಲೇ ಗೊತ್ತಾಗುತ್ತದೆ. ತಾನ್ ಬಿಡುತ್ತೇನೆ ಎಂದದ್ದು ಇನ್ನೂ ದೊಡ್ಡದು. ಒಬ್ಬರೇ ಕೂತು ಹಾಡುವಾಗ ಎಲ್ಲರಿಗೂ ತಾನ್ ಮೇಲೆಯೇ ಮನಸ್ಸು, ವೇಗದಲ್ಲಿ ಏರಿದ ಗಾಂಧಾರವೂ ಮುಚ್ಚಿಹೋಗುತ್ತದೆ, ಇಳಿದದ್ದೂ ಮುಚ್ಚಿಹೋಗುತ್ತದೆ.

ಕಾಗದದ ಮೊದಲ ಸಾಲು ಹಳೆಯ ರೀತಿಯದಾಗಿದ್ದರೆ ಚೆಂದ, ಆದರೆ ಆ ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೆಯೇ ಬರೆಯಬೇಕು. ವರ್ಷವೆಲ್ಲ ‘ಸರ್’ ಎಂದು ಕರೆದವರು ಹುಣ್ಣಿಮೆಯ ದಿನ ‘ಪರಮಪೂಜ್ಯ’ ಎಂದರೆ ನಾಟಕದ ಮಾತಾಗುತ್ತದೆ. ಬೆಂಗಳೂರಿನ ನೃತ್ಯಶಾಲೆಗಳಲ್ಲಿ ‘ಆಂಟಿ’, ‘ಟೀಚರ್’, ‘ಅಕ್ಕ’ ಎನ್ನುವುದು ರೂಢಿ, ಕಾಗದದಲ್ಲೂ ಅದೇ ಇರಲಿ. ಗುರುಗಳಿಗೆ ಕಣ್ಣು ಮಂಜಾಗಿದ್ದರೆ ಬರೆಯುವ ಬದಲು ಮಾತಾಡಿ ಕಳಿಸುವುದು ಒಳ್ಳೆಯದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ, ಇಬ್ಬರೂ ಕಣ್ಣಿಲ್ಲದವರು, ನೂರಾರು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದ್ದಾರೆ. ಅಲ್ಲಿ ಕಲಿತು ಈಗ ಊರೂರಲ್ಲಿ ಕಲಿಸುತ್ತಿರುವವರ ಶಿಷ್ಯರು ದೀಪದ ಚಿತ್ರ ಕಳಿಸಿ ಏನು ಉಪಯೋಗ? ದನಿ ಕಳಿಸಬೇಕು.

ನೃತ್ಯದಲ್ಲಿ ಇದೇ ಕಾಗದ ಬೇರೆ ರೂಪ ತಾಳುತ್ತದೆ. ಅಲ್ಲಿ ಗುರುವಿಗೆ ಮೊದಲು ಕಾಣುವುದು ಅರಮಂಡಿ. ಅಡವನ್ನು ಮೊದಲ ಕಾಲದಲ್ಲಿ ಮಾಡುವಾಗ ಎಲ್ಲರೂ ಚೆನ್ನಾಗಿ ಕೂತಿರುತ್ತಾರೆ. ಎರಡನೆಯ ಕಾಲಕ್ಕೆ ತುಸು ಏಳುತ್ತಾರೆ, ಮೂರನೆಯ ಕಾಲಕ್ಕೆ ಹೆಚ್ಚುಕಡಿಮೆ ನಿಂತೇಬಿಡುತ್ತಾರೆ. ತಟ್ಟುಕೋಲು ಹಿಡಿದು ಎದುರಿಗೆ ಕೂತ ಗುರು ಕಾಲನ್ನೇ ನೋಡಬೇಕಾಗಿಲ್ಲ, ನೆತ್ತಿ ಎಷ್ಟು ಮೇಲೆ ಬಂತು ಎಂದು ನೋಡಿದರೆ ಸಾಕು. ಇದನ್ನು ಮನೆಯಲ್ಲಿ ತಾವೇ ಅಳೆದುಕೊಳ್ಳಲು ಒಂದು ಉಪಾಯವಿದೆ. ಕನ್ನಡಿಯ ಮುಂದೆ ಮೊದಲ ಕಾಲದ ತಟ್ಟಡವು ಮಾಡುವಾಗ ನೆತ್ತಿಯ ಮಟ್ಟಕ್ಕೆ ಒಂದು ಟೇಪು ಅಂಟಿಸಿ, ಮೂರನೆಯ ಕಾಲದಲ್ಲೂ ತಲೆ ಆ ಗೆರೆ ದಾಟದಂತೆ ನೋಡಿಕೊಳ್ಳುವುದು. ‘ಆಂಟಿ, ಈ ನಾಲ್ಕು ತಿಂಗಳು ಹೊಸ ಐಟಂ ಕೇಳುವುದಿಲ್ಲ. ಟೇಪಿನ ಗೆರೆ ದಾಟದೆ ಮೂರು ಕಾಲ ಮಾಡಿ ತೋರಿಸುತ್ತೇನೆ’ ಎಂದು ಹದಿನಾಲ್ಕರ ಹುಡುಗಿ ಬರೆದರೆ ಅದೊಂದು ಒಳ್ಳೆಯ ಗುರುಪೂರ್ಣಿಮೆಯ ಸಂದೇಶ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹುಮ್ಮಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಅಡವು ಎಂದು ಮಾತು ಕೊಟ್ಟು, ಫ್ಲ್ಯಾಟಿನ ಗ್ರಾನೈಟ್ ನೆಲದ ಮೇಲೆ ಪಾದ ಬಡಿದರೆ ಕೆಲವೇ ವಾರಗಳಲ್ಲಿ ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನೋವು ಶುರುವಾಗಬಹುದು. ನೋವಿದ್ದರೂ ಮಾತು ಕೊಟ್ಟಿದ್ದೇನೆ ಎಂದು ಮುಂದುವರಿಸಿದರೆ ತಿಂಗಳುಗಟ್ಟಲೆ ಕಾಲು ಕೆಳಗಿಡುವಂತಿಲ್ಲ. ಹಾಡುವವರಿಗೂ ಅಷ್ಟೇ. ನೆಗಡಿಯಾಗಿ ಗಂಟಲು ಕಟ್ಟಿದಾಗ ಖರ್ಜ ಎಳೆಯುವುದು ನಿಷ್ಠೆಯಲ್ಲ. ಅಂಥ ದಿನ ತಂಬೂರಿ ಹಾಕಿಕೊಂಡು ಸುಮ್ಮನೆ ಕೂತು ಗಾಂಧಾರವನ್ನು ಕೇಳಿದರೂ ಲೆಕ್ಕಕ್ಕೆ ಬರುತ್ತದೆ.

ಮಾತು ಕೊಡಬಾರದ್ದು ಇನ್ನೊಂದಿದೆ. ‘ನೀವು ಹೇಳಿದ್ದೆಲ್ಲ ಕೇಳುತ್ತೇನೆ’ ಎನ್ನುವುದು ಶುಭಾಶಯಗಳಲ್ಲಿ ಸಲೀಸಾಗಿ ಬರುವ ವಾಕ್ಯ. ರಿಯಾಜಿನ ವಿಷಯದಲ್ಲಿ ಹೇಳಿದ್ದು ಕೇಳಬೇಕು, ಎಲ್ಲ ವಿಷಯದಲ್ಲಿ ಅಲ್ಲ. ಗುರುವಿನ ಮೇಲಿನ ಭಕ್ತಿಯನ್ನು ದುರುಪಯೋಗ ಮಾಡಿಕೊಂಡವರ ಮೇಲಿನ ದೂರುಗಳು 2018ರಲ್ಲಿ ಕರ್ನಾಟಕ ಸಂಗೀತದ ಲೋಕದಲ್ಲಿ ಬಹಿರಂಗವಾಗಿ ಕೇಳಿಬಂದವು. ಆ ವರ್ಷ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಕೆಲವು ಕಲಾವಿದರನ್ನು ತನ್ನ ಕಛೇರಿಗಳಿಂದ ಕೈಬಿಟ್ಟಿತು. ಹದಿಹರೆಯದ ಮಕ್ಕಳು ಇಂಥ ಕಾಗದ ಬರೆಯುವಾಗ ತಂದೆತಾಯಿ ಒಮ್ಮೆ ಓದಿ ನೋಡುವುದರಲ್ಲಿ ತಪ್ಪಿಲ್ಲ. ತಂಬೂರಿ, ತಾಳ, ಅಡವು, ಸಮಯ, ಇಷ್ಟರ ಬಗ್ಗೆ ಕೊಟ್ಟ ಮಾತು ಯಾರಿಗೂ ಕೆಡುಕು ಮಾಡುವುದಿಲ್ಲ.

ಬೇರೆಯವರಲ್ಲಿ ಕಲಿಯಲು ಹೋಗಬೇಕೆನಿಸಿದವರು ಅದನ್ನು ಬಚ್ಚಿಟ್ಟು ಭಕ್ತಿಯ ಮಾತು ಬರೆಯುವುದೂ ಸರಿಯಲ್ಲ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತ ಮೇಲೆ ಜೈಪುರ-ಅತ್ರೌಳಿ ಘರಾಣೆಯ ಮಂಜಿ ಖಾನರ ಬಳಿ ಹೋದರು. 1937ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಬುರ್ಜಿ ಖಾನರಲ್ಲಿ ಮುಂದುವರಿಸಿದರು. ಮೂವರೂ ಅವರಿಗೆ ಗುರುಗಳೇ. ಕೇಳಿ ಅಪ್ಪಣೆ ಪಡೆಯುವುದಕ್ಕೆ ಹುಣ್ಣಿಮೆಯ ಕಾಗದ ಒಳ್ಳೆಯ ಜಾಗ. ಮನೆಯ ಬಂದಿಶನ್ನು ಯೂಟ್ಯೂಬಿಗೆ ಹಾಕಬಹುದೇ ಎಂಬ ಪ್ರಶ್ನೆಯೂ ಹಾಗೆಯೇ. ಹಾಕಿದ ಮೇಲೆ ಕೇಳುವುದಕ್ಕಿಂತ ಮುಂಚೆ ಕೇಳಿದರೆ ಹೆಚ್ಚಿನ ಗುರುಗಳು ಒಪ್ಪುತ್ತಾರೆ.

ಗುರುಗಳೇ ಇಲ್ಲವಾದವರು ಏನು ಮಾಡಬೇಕು? ಸವಾಯಿ ಗಂಧರ್ವರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಭೀಮಸೇನ ಜೋಶಿಯವರು ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದರು. ಕುಂದಗೋಳದ ನಾಡಗೀರ ವಾಡೆಯಲ್ಲೂ ಗುರುವಿನ ನೆನಪಿನ ಹಾಡಿಕೆ ನಡೆದುಬಂದಿದೆ. ಎಲ್ಲರಿಗೂ ಉತ್ಸವ ಮಾಡಲಾಗದು. ಗುರುವಿನ ಜೊತೆ ಕಲಿತ ಇನ್ನೊಬ್ಬ ಹಿರಿಯರಿಗೆ ಇದೇ ಕಾಗದ ಬರೆದು, ನೀವು ಕೇಳಿ ತಿದ್ದಿರಿ ಎನ್ನಬಹುದು.

ಇನ್ನು ನಮ್ಮ ಶಿಷ್ಯೆ ಶ್ರಾವಣ ಹುಣ್ಣಿಮೆಗೆ ಕಳಿಸಬೇಕಾದ ರೆಕಾರ್ಡಿಂಗ್ ವಿಷಯ. ಅದನ್ನು ಚೆಂದಗಾಣಿಸಲು ಹೋಗಬಾರದು. ಪ್ರತಿಧ್ವನಿ ಸೇರಿಸುವುದು, ಕೆಟ್ಟ ಜಾಗ ಕತ್ತರಿಸುವುದು, ಹತ್ತು ಸಲ ಹಾಡಿ ಒಳ್ಳೆಯದನ್ನು ಆರಿಸುವುದು, ಯಾವುದೂ ಬೇಡ. ಮೊದಲ ಅರ್ಧ ನಿಮಿಷ ತಂಬೂರಿ ಮಾತ್ರ ಇರಬೇಕು, ಅದು ಕೂಡಿದೆಯೋ ಇಲ್ಲವೋ ಎಂದು ಗುರುಗಳು ಮೊದಲು ನೋಡುತ್ತಾರೆ. ಫೋನನ್ನು ತಂಬೂರಿಗೂ ಬಾಯಿಗೂ ನಡುವೆ, ಎರಡೂ ಸಮನಾಗಿ ಕೇಳುವ ಕಡೆ ಇಡಬೇಕು. ದನಿಯೇ ಮುಂದಾದರೆ ಗಾಂಧಾರ ಎಲ್ಲಿ ನಿಂತಿದೆ ಎಂಬುದು ಮುಚ್ಚಿಹೋಗುತ್ತದೆ. ಷಡ್ಜ ಹಿಡಿದು, ಮಂದ್ರದ ನಿಷಾದಕ್ಕೆ ಇಳಿದು, ರಿಷಭದಿಂದ ಗಾಂಧಾರಕ್ಕೆ ಬಂದು ಉಸಿರು ಇರುವಷ್ಟು ಹೊತ್ತು ನಿಲ್ಲಬೇಕು. ಗುರುಗಳು ಬಹುಶಃ ಪೂರ್ತಿ ಐದು ನಿಮಿಷ ಕೇಳಲಾರರು. ಅಷ್ಟಕ್ಕೇ ನಿಲ್ಲಿಸಿ, “ಇನ್ನೂ ಒಂದೀಟು ಮ್ಯಾಲೆ ಐತಿ. ನಿಷಾದ ಬರೊಬ್ಬರಿ ಬಂದೈತಿ. ಭಾನುವಾರ ಫೋನ್ ಹಚ್ಚು” ಎಂದು ದನಿ ಕಳಿಸಿಯಾರು.